ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ

ಕೆಲಸ ಬಿಟ್ಟು ಸ್ವಂತಕ್ಕೆ ಅನುವಾದ ಮಾಡೋಕೆ ಶುರು ಮಾಡಿದ ಮೇಲೆ ನಾನು ಕಲಿತ ಮೊದಲ ಪಾಠ ಏನು ಗೊತ್ತಾ? ಕೆಲಸ ಮಾಡೋದು ಸುಲಭ, ಮಾಡಿದ ಕೆಲಸಕ್ಕೆ ದುಡ್ಡು ಕೇಳೋದು ಕಷ್ಟ. ಕಂಪನಿಯಲ್ಲಿದ್ದಾಗ ತಿಂಗಳ ಕೊನೆಗೆ ಮೊಬೈಲ್ ಒಂದು ಸಲ ಕಿಣಿಕಿಣಿ ಅಂದರೆ ಸಂಬಳ ಬಿತ್ತು ಅಂತ ಅರ್ಥ. ಅದಕ್ಕಾಗಿ ಯಾರ ಹತ್ತಿರವೂ ಹೋಗಿ, 'ಸಾರ್, ನನ್ನದೊಂದು ಬಾಕಿ ಇತ್ತಲ್ಲ' ಎಂದು ತಲೆ ಕೆರೆಯುತ್ತಾ ನಿಂತವಳಲ್ಲ ನಾನು. ಹಾಗಾಗಿ ಆ ಜುಲೈ ತಿಂಗಳ ಒಂದು ಬುಧವಾರ ರಾತ್ರಿ ಹನ್ನೊಂದು ಗಂಟೆಗೆ ಲ್ಯಾಪ್‌ಟಾಪ್ ಮುಂದೆ ಕೂತು, ಹತ್ತು ಸಾಲಿನ ಒಂದು ಕಾಗದ ಬರೆಯೋಕೆ ಒದ್ದಾಡುತ್ತಿದ್ದೆ.

ವಿಷಯ ಇಷ್ಟೇ. ಹುಬ್ಬಳ್ಳಿಯ ಒಂದು ಕಂಪನಿಗೆ ಹನಿ ನೀರಾವರಿ ಸಲಕರಣೆಗಳ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದೆ. 28 ಸಾವಿರ ಪದ, ಪದಕ್ಕೆ 3 ರೂಪಾಯಿ, ಒಟ್ಟು 84,000 ರೂಪಾಯಿ. ಜೂನ್ 3ಕ್ಕೆ ಬಿಲ್ ಕಳಿಸಿದ್ದೆ. ಮೂವತ್ತು ದಿನದಲ್ಲಿ ಪಾವತಿ ಎಂದು ಮೊದಲೇ ಮಾತಾಗಿತ್ತು, ಅಂದರೆ ಜುಲೈ 3. ಜುಲೈ 3 ಬಂತು, ಹೋಯಿತು. 5ನೇ ತಾರೀಕು ಮನೆ ಬಾಡಿಗೆ ಕೊಡಬೇಕಿತ್ತು, ಉಳಿತಾಯದಿಂದ ತೆಗೆದು ಕೊಟ್ಟೆ. ಈಗ 16ನೇ ತಾರೀಕು. ನಾಳೆಗೆ ಸರಿಯಾಗಿ ಎರಡು ವಾರ. ಇನ್ನು ಇಪ್ಪತ್ತು ದಿನಕ್ಕೆ ಮತ್ತೆ ಬಾಡಿಗೆ ಬರುತ್ತೆ, ಈ ಸಲ ತೆಗೆಯೋಕೆ ಉಳಿತಾಯದಲ್ಲಿ ಅಷ್ಟು ಇರಲಿಲ್ಲ.

ಇದರ ಜೊತೆಗೆ ಇನ್ನೊಂದು ಪೀಕಲಾಟ. ಅದೇ ಕಂಪನಿಯ ಮಾರ್ಕೆಟಿಂಗ್‌ನವರು, 'ಪಂಪ್‌ಸೆಟ್ಟಿನ ಕೈಪಿಡಿಯೂ ಇದೆ, ಅದನ್ನೂ ನಿಮಗೇ ಕೊಡ್ತೀವಿ' ಎಂದಿದ್ದರು. ಗಟ್ಟಿಯಾಗಿ ಕೇಳಿದರೆ ಆ ಕೆಲಸ ಹೋಗುತ್ತೆ, ಮೆತ್ತಗೆ ಕೇಳಿದರೆ ಈ ದುಡ್ಡು ಬರಲ್ಲ. ನನ್ನ ತಲೆಯಲ್ಲಿ ಇದ್ದದ್ದು ಈ ಎರಡೇ ದಾರಿ.

ಮೊದಲು ಗಟ್ಟಿ ದಾರಿಯನ್ನೇ ಹಿಡಿದೆ. ಅವತ್ತು ಬರೆದದ್ದು ಹೀಗಿತ್ತು:

'ನಾನು ಜೂನ್ 3ಕ್ಕೇ ಬಿಲ್ ಕಳಿಸಿದ್ದೇನೆ. ನೀವು ಇನ್ನೂ ಹಣ ಕೊಟ್ಟಿಲ್ಲ. ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ನಾನು ಕೆಲಸ ಮುಗಿಸಿ ಕೊಟ್ಟಿದ್ದೆ ಎಂಬುದನ್ನು ನೀವು ಮರೆತಂತಿದೆ. ಕೂಡಲೇ ಪಾವತಿಸಿ. ಇಲ್ಲದಿದ್ದರೆ ಮುಂದಿನ ಕೆಲಸ ಒಪ್ಪಿಕೊಳ್ಳುವುದು ಸಾಧ್ಯವಿಲ್ಲ.'

ಬರೆದು ಮುಗಿಸಿದಾಗ ಎದೆ ಹಗುರಾಯಿತು. ಎದ್ದು ಹೋಗಿ ನೀರು ಕುಡಿದು ಬಂದು ಓದಿದರೆ, ನೀರು ಬರದ ದಿನ ಕೆಳಗಿನ ಮನೆಯವರ ಮೇಲೆ ಕೂಗಾಡಿದ ಹಾಗಿತ್ತು. ಅಳಿಸಿದೆ. ಈಗ ಮೆತ್ತಗಿನ ದಾರಿ:

'ಮಾನ್ಯರೇ, ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಇರಲಿ. ತಾವು ಕೆಲಸದ ಒತ್ತಡದಲ್ಲಿರುತ್ತೀರೆಂದು ಬಲ್ಲೆ. ನನ್ನದೊಂದು ಸಣ್ಣ ಬಿಲ್ ಬಾಕಿ ಇದ್ದಂತಿದೆ. ದಯವಿಟ್ಟು ತಮಗೆ ಅನುಕೂಲವಾದಾಗ ಒಮ್ಮೆ ನೋಡಿದರೆ ದೊಡ್ಡ ಉಪಕಾರವಾಗುತ್ತದೆ.'

ಇದನ್ನು ಓದಿದರೆ ನನ್ನ ಮೇಲೆ ನನಗೇ ಕನಿಕರ ಬಂತು. ದುಡಿದ ದುಡ್ಡನ್ನು ಉಪಕಾರ ಅಂತ ಕೇಳ್ತಿದ್ದೀನಲ್ಲ! ಆಮೇಲೆ ಗಮನಿಸಿದೆ, ಈ ಕಾಗದದಲ್ಲಿ ಬಿಲ್ ನಂಬರ್ ಇಲ್ಲ, ಎಷ್ಟು ದುಡ್ಡು ಅಂತಿಲ್ಲ, ಯಾವತ್ತು ಬರಬೇಕಿತ್ತು ಅಂತಿಲ್ಲ. ಎಲ್ಲಕ್ಕಿಂತ ದೊಡ್ಡ ಎಡವಟ್ಟು 'ಅನುಕೂಲವಾದಾಗ' ಅನ್ನೋ ಪದ. ಮೂವತ್ತು ದಿನ ಅಂತ ಒಪ್ಪಿಕೊಂಡಿದ್ದ ಗಡುವನ್ನು ನಾನೇ ಕೈಯಾರೆ ಅಳಿಸಿ, ದೀಪಾವಳಿಗೆ ಕೊಟ್ಟರೂ ನಡೆಯುತ್ತೆ ಅಂತ ಬರೆದುಕೊಟ್ಟ ಹಾಗೆ.

ಅಷ್ಟು ಹೊತ್ತಿಗೂ ಎಚ್ಚರ ಇರೋಳು ಅಂದರೆ ನನ್ನ ಸಿಎ ಗೆಳತಿ. ಜುಲೈ ಅಂದರೆ ಅವರಿಗೆ ರಿಟರ್ನ್ಸ್ ಹಬ್ಬ. ಫೋನ್ ಮಾಡಿದೆ.

'ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದ್ಯಾ?' ಅಂದಳು.

'ನೋಡಿದೆ ಕಣೇ. 84,000 ಅಂತ ಹುಡುಕಿದೆ. ಬಂದಿಲ್ಲ.'

'ಅಯ್ಯೋ ಪೆದ್ದಿ, 84,000 ಯಾಕೆ ಬರುತ್ತೆ? ನಿಂದು ಪ್ರೊಫೆಷನಲ್ ಫೀಸು. ಟಿಡಿಎಸ್ ನೂರಕ್ಕೆ ಹತ್ತು ಹಿಡ್ಕೋತಾರೆ. 75,600 ಅಂತ ಹುಡುಕು.'

ಹುಡುಕಿದೆ. ಅದೂ ಇರಲಿಲ್ಲ. ಆದರೆ ಬೆನ್ನಲ್ಲಿ ಸಣ್ಣಗೆ ಬೆವರು ಬಂತು. ಒಂದು ವೇಳೆ 75,600 ಬಂದು ಹದಿನೈದು ದಿನ ಆಗಿದ್ದು, ನಾನು 'ನೀವು ಇನ್ನೂ ಹಣ ಕೊಟ್ಟಿಲ್ಲ' ಅಂತ ಕಳಿಸಿದ್ದರೆ? ಗೆಳತಿ ಹೇಳಿದ ಪ್ರಕಾರ ಇದು ಆಗಾಗ ಆಗೋದೇ. ಟಿಡಿಎಸ್ ಕಳೆದ ಮೊತ್ತ ಬೇರೆ ಇರುತ್ತೆ, ಬ್ಯಾಂಕ್ ಎಂಟ್ರಿಯಲ್ಲಿ ಕಂಪನಿಯ ಹೆಸರು ಅರ್ಧ ಮಾತ್ರ ಕಾಣುತ್ತೆ, ಇನ್ನು ಕೆಲವರು ಎರಡು ಬಿಲ್ ಸೇರಿಸಿ ಒಂದೇ ಸಲ ಹಾಕಿರ್ತಾರೆ. ಹಾಗಾಗಿ ನೆನಪೋಲೆ ಬರೆಯೋ ಮೊದಲು ನಿನ್ನ ಕಡೆ ಎಲ್ಲ ಸರಿ ಇದೆಯಾ ನೋಡ್ಕೋ ಅಂದಳು. ಬ್ಯಾಂಕಿಗೆ ಜಮೆ ಆಗಿದೆಯಾ, ಬಿಲ್ ಹೋದ ಇಮೇಲ್ ಸರಿ ಇದೆಯಾ, ಖಾತೆ ನಂಬರು, ಐಎಫ್ಎಸ್‌ಸಿ ತಪ್ಪಿಲ್ಲವಾ. ನೋಡಿದೆ, ಮೂರೂ ಸರಿ ಇತ್ತು. (ನಾಲ್ಕನೆಯದೊಂದು ನೋಡಬೇಕಿತ್ತು. ಅದು ಆಮೇಲೆ.)

'ಸರಿ, ಈಗ ಕಾನೂನು ಹಾಕಿ ಬರೀಲಾ?' ಅಂದೆ. ಸಣ್ಣ ಉದ್ಯಮಗಳ ಕಾಯ್ದೆ ಬಗ್ಗೆ ಎಲ್ಲೋ ಓದಿದ್ದು ನೆನಪಿತ್ತು.

ಅವಳು ನಕ್ಕಳು. 2006ರ ಎಂಎಸ್ಎಂಇಡಿ ಕಾಯ್ದೆ ಪ್ರಕಾರ ಕೊಳ್ಳುವವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು, ಮತ್ತು ಆ ಒಪ್ಪಿದ ಅವಧಿ 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಕೇಳೋಕೆ ಖುಷಿಯಾಗುತ್ತೆ. 'ಆದರೆ ನಿನ್ ಹತ್ರ ಉದ್ಯಮ್ ರಿಜಿಸ್ಟ್ರೇಷನ್ ಇದೆಯಾ?' ಅಂದಳು. ಇರಲಿಲ್ಲ. 'ಮೊದ್ಲು ಅದನ್ನ ಮಾಡಿಸು, ಆನ್‌ಲೈನ್‌ನಲ್ಲಿ ಪುಕ್ಕಟೆ ಆಗುತ್ತೆ. ಇದ್ದಿದ್ರೂ ಮೊದಲನೇ ಕಾಗದದಲ್ಲಿ ಅದನ್ನ ಹೇಳ್ಬಾರ್ದು. ಎರಡು ವಾರ ತಡ ಆಗಿದೆ ಅಂದ್ರೆ ನೂರಕ್ಕೆ ತೊಂಬತ್ತು ಸಲ ಯಾರೂ ನಿನ್ನ ದುಡ್ಡು ನುಂಗೋಕೆ ಕೂತಿರಲ್ಲ. ಎಲ್ಲೋ ಒಂದು ಕಡೆ ಕಾಗದ ಸಿಕ್ಕಾಕ್ಕೊಂಡಿರುತ್ತೆ. ಕಾನೂನು ತೆಗೆದ್ರೆ ಅದು ಅಕೌಂಟ್ಸ್‌ನಿಂದ ಲೀಗಲ್‌ಗೆ ಹೋಗುತ್ತೆ. ಆಮೇಲೆ ನೀನು ಕಾಯಿ.'

ತೊಂಬತ್ತು ಅನ್ನೋ ಲೆಕ್ಕ ಅವಳ ಬಾಯಿಲೆಕ್ಕ. ಆದರೆ ಮಾತಿನಲ್ಲಿ ಸತ್ಯ ಇತ್ತು. ಫೋನಿಡೋ ಮೊದಲು ಇನ್ನೊಂದು ಮಾತು ಹೇಳಿದಳು: 'ನೀನು ಜಿಎಸ್‌ಟಿಲಿ ಇಲ್ದಿರೋದು ನಿನ್ ಪುಣ್ಯ.' ವರ್ಷಕ್ಕೆ 20 ಲಕ್ಷದ ಒಳಗಿನ ದುಡಿಮೆ ಆದ್ದರಿಂದ ನಾನು ನೋಂದಣಿ ಮಾಡಿಸಿಲ್ಲ. ಮಾಡಿಸಿದ್ದರೆ ಇದೇ ಬಿಲ್ಲಿನ ಮೇಲೆ ನೂರಕ್ಕೆ 18ರಂತೆ 15,120 ರೂಪಾಯಿ ತೆರಿಗೆಯನ್ನು ಜುಲೈ 20ರೊಳಗೆ ಸರ್ಕಾರಕ್ಕೆ ಕಟ್ಟಲೇಬೇಕಿತ್ತು, ಗ್ರಾಹಕರು ನನಗೆ ಒಂದು ರೂಪಾಯಿ ಕೊಡದಿದ್ದರೂ. ನೋಂದಣಿ ಇರುವ ಗೆಳೆಯರು ಎರಡು ವಾರ ತಡವಾದರೆ ಯಾಕೆ ಅಷ್ಟು ಪರದಾಡುತ್ತಾರೆ ಅಂತ ನನಗೆ ಅರ್ಥವಾದದ್ದು ಅವತ್ತು.

ಬೆಳಗ್ಗೆ ಆರೂವರೆಗೆ ಅಪ್ಪನ ಫೋನ್. ದಿನಾ ಬರುವ ಫೋನ್, ದಿನಾ ಕೇಳುವ ಪ್ರಶ್ನೆ. 'ಏನವ್ವಾ, ಎದ್ಯಾ?' ಧ್ವನಿ ಕೇಳಿಯೇ ರಾತ್ರಿ ನಿದ್ದೆ ಮಾಡಿಲ್ಲ ಅಂತ ಗೊತ್ತಾಯಿತೋ ಏನೋ, ವಿಷಯ ಹೊರಗೆ ತೆಗೆಸಿದರು.

ಅಪ್ಪನದು ಹರಿಹರದ ಹತ್ತಿರದ ಹಳ್ಳಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಮೂವತ್ತು ವರ್ಷ ನಡೆಸಿದರು. ಗೊಬ್ಬರದ ಅಂಗಡಿ ಅಂದರೆ ಉದ್ರಿ ಇಲ್ಲದೆ ನಡೆಯೋದೇ ಇಲ್ಲ. ಬಿತ್ತನೆಗೆ ಒಯ್ದದ್ದು ಸುಗ್ಗಿಯಲ್ಲಿ ಬರಬೇಕು. ಒಂದು ಕಿರ್ದಿ ಪುಸ್ತಕ, ಒಂದು ಖಾತೆ ಪುಸ್ತಕ, ಎರಡೂ ಕೆಂಪು ಬಟ್ಟೆಯ ರಟ್ಟಿನವು. ಸುಗ್ಗಿ ಕಳೆದು ಹದಿನೈದು ದಿನವಾದರೂ ಬಾರದವರಿಗೆ ಅಪ್ಪ ಕಾಗದ ಬರೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಅಂಟು ಹಚ್ಚುತ್ತಿದ್ದೆ. ಹೌದು, ಅಂಟು. ಯಾಕೆಂದರೆ ಅಪ್ಪ ಅದನ್ನು ಯಾವತ್ತೂ ಕಾರ್ಡಿನಲ್ಲಿ ಬರೆಯುತ್ತಿರಲಿಲ್ಲ, ಇನ್‌ಲ್ಯಾಂಡ್ ಲೆಟರಿನಲ್ಲೇ ಬರೆಯುತ್ತಿದ್ದರು. ಕಾರ್ಡು ಅಗ್ಗ ಅಲ್ವಾ ಅಂದರೆ, 'ಕಾರ್ಡು ಅಂಚೆಯಣ್ಣ ಓದ್ತಾನೆ. ಅಂಚೆಯಣ್ಣ ಓದಿದ್ರೆ ಊರೇ ಓದಿದಂಗೆ. ಸಾಲ ನಂಗೂ ಅವಂಗೂ ಮಧ್ಯೆ ಇರೋದು, ಊರಿಗ್ಯಾಕೆ?' ಅನ್ನುತ್ತಿದ್ದರು.

'ರಾತ್ರಿ ಬರೆದಿದ್ದನ್ನ ಕಳಿಸಿದ್ಯಾ?' ಅಂತ ಕೇಳಿದರು.

'ಇಲ್ಲಪ್ಪ.'

'ಒಳ್ಳೇದಾತು. ಸಿಟ್ಟಿನಾಗೆ ಬರ್ದ ಕಾಗದ ಪೋಸ್ಟಿಗೆ ಹಾಕಬಾರ್ದವ್ವಾ. ನಾಚಿಕೊಂಡು ಬರ್ದಿದ್ದನ್ನೂ ಹಾಕಬಾರ್ದು.'

'ನೀವು ಏನು ಬರೀತಿದ್ರಿ ಹೇಳಿ.'

ಅಪ್ಪನಿಗೆ ಬಾಯಿಪಾಠ. ಇಂಥ ತಾರೀಕು ಇಷ್ಟು ಚೀಲ ಒಯ್ದಿದ್ದೀರಿ, ಇಷ್ಟು ರೂಪಾಯಿ ಬರಬೇಕಾಗಿದೆ, ಮುಂದಿನ ಸಂತೆಯ ದಿನ ಬಂದು ಲೆಕ್ಕ ನೋಡಿಕೊಂಡು ಹೋಗುವುದು. ಕೊನೆಯ ಸಾಲು: 'ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ತಿಳಿಸುವುದು.'

'ಕೊನೇದು ಯಾಕಪ್ಪ? ನಿಮ್ ಲೆಕ್ಕ ಯಾವತ್ತೂ ತಪ್ತಿರ್ಲಿಲ್ವಲ್ಲ.'

'ತಪ್ತಿತ್ತು. ಒಂದ್ಸಲ ಒಂದು ಹೆಸರಿನವರ ಉದ್ರಿ ಅದೇ ಹೆಸರಿನ ಇನ್ನೊಬ್ರ ಖಾತೆಗೆ ಬರ್ದಿದ್ದೆ. ಕಾಗದ ನೋಡಿ ಬಂದು ಅಂಗಡಿ ಮುಂದೆ ಸುಮ್ನೆ ನಿಂತ್ಕಂಡ್ರು. ಬೈಯಾಕೆ ಬಂದಿದ್ರು, ಆ ಸಾಲು ಇದ್ದದ್ದಕ್ಕೆ ಬೈಯಲಿಲ್ಲ. ಅಷ್ಟಲ್ಲದೆ, ಕೊಡಾಕೆ ಆಗದೇ ಇರೋರಿಗೂ ಒಂದು ಬಾಗ್ಲು ಬೇಕಲ್ಲವ್ವಾ, ಒಳಗೆ ಬರಾಕೆ.'

ಒಂಬತ್ತು ಗಂಟೆಗೆ ಮತ್ತೆ ಕೂತೆ. ಈ ಸಲ ಯಾರಿಗೆ ಕಳಿಸಬೇಕು ಅನ್ನೋದರಿಂದ ಶುರು ಮಾಡಿದೆ. ಬಿಲ್ಲನ್ನು ನಾನು ಕಳಿಸಿದ್ದು ಕೆಲಸ ಕೊಟ್ಟ ಮಾರ್ಕೆಟಿಂಗ್ ಮ್ಯಾನೇಜರಿಗೆ. ಅವರು ಅದನ್ನು ಅಕೌಂಟ್ಸ್‌ಗೆ ಕಳಿಸಿ, 'ಅಕೌಂಟ್ಸ್‌ಗೆ ಕೊಟ್ಟಿದ್ದೇವೆ' ಅಂತ ಪ್ರತಿಯಲ್ಲಿ ನನ್ನನ್ನೂ ಸೇರಿಸಿದ್ದರು. ಅಂದರೆ ಅಕೌಂಟ್ಸ್ ಮೇಡಂ ಅವರ ವಿಳಾಸ ನನ್ನ ಹತ್ತಿರ ಇತ್ತು. ದುಡ್ಡು ಹಾಕುವವರು ಅವರು, ಕೇಳಬೇಕಾದದ್ದೂ ಅವರನ್ನೇ. ಮ್ಯಾನೇಜರನ್ನು ಪ್ರತಿಯಲ್ಲಿ ಸೇರಿಸಲಾ ಅಂತ ಬೆರಳು ಹೋಯಿತು. ಅಪ್ಪನ ಕಾರ್ಡು ನೆನಪಾಯಿತು. ಮೊದಲ ಕಾಗದದಲ್ಲೇ ಮೇಲಿನವರನ್ನು ಸೇರಿಸುವುದು ಕಾರ್ಡಿನಲ್ಲಿ ಬರೆದ ಹಾಗೆ, ಊರಿಗೆಲ್ಲ ಓದಿಸಿದ ಹಾಗೆ. ಮೇಡಂ ಆಗ ನನ್ನ ಬಿಲ್ ಹುಡುಕುವುದಿಲ್ಲ, ತಮ್ಮ ತಪ್ಪಿಲ್ಲ ಅಂತ ತೋರಿಸೋಕೆ ದಾರಿ ಹುಡುಕುತ್ತಾರೆ. ಸೇರಿಸಲಿಲ್ಲ. ವಾಟ್ಸ್ಆ್ಯಪ್ ಕೂಡ ಬೇಡ ಅನ್ನಿಸಿತು. ಎರಡು ನೀಲಿ ಗೀಟು ನೋಡಿಕೊಂಡು ದಿನವಿಡೀ ಕೊರಗೋದು ನಾನೇ. ಜೊತೆಗೆ ಇಮೇಲ್ ಆದರೆ ಅವರು ಅದನ್ನು ಇನ್ನೊಬ್ಬರಿಗೆ ದಾಟಿಸಬಹುದು, ನಾಳೆ ಬೇಕಾದರೆ ತಾರೀಕಿನ ಸಮೇತ ದಾಖಲೆಯಾಗಿ ಇರುತ್ತೆ.

ಆಮೇಲೆ ಭಾಷೆ. ಅವರು ಕೊಂಡದ್ದೇ ನನ್ನ ಕನ್ನಡವನ್ನು, ಕಾಗದವೂ ಕನ್ನಡದಲ್ಲೇ ಇರಲಿ ಅಂದುಕೊಂಡೆ. ಆಗ ಕನ್ನಡ ನನಗೊಂದು ಸಹಾಯ ಮಾಡಿತು. 'ನೀವು ಕೊಟ್ಟಿಲ್ಲ' ಅಂದರೆ ಬೆರಳು ತೋರಿಸಿದ ಹಾಗೆ. 'ಪಾವತಿಯಾಗಬೇಕಿತ್ತು', 'ಜಮೆಯಾದದ್ದು ಕಂಡುಬಂದಿಲ್ಲ' ಅಂದರೆ ವಿಷಯ ಅಷ್ಟೇ ಸ್ಪಷ್ಟ, ಬೆರಳು ಮಾತ್ರ ಇಲ್ಲ. ಬರಹದಲ್ಲಿ ಯಾರು ಮಾಡಿದರು ಅಂತ ಹೇಳದೆ ತಪ್ಪಿಸಿಕೊಳ್ಳೋ ಈ ವಾಕ್ಯಗಳನ್ನು ನಾನು ಅನುವಾದದಲ್ಲಿ ಸಿಕ್ಕಿದಲ್ಲೆಲ್ಲ ತಿದ್ದುತ್ತೇನೆ. ಇಲ್ಲಿ ಮಾತ್ರ ಅದೇ ಬೇಕಿತ್ತು. 'ದಯವಿಟ್ಟು'ಗಳನ್ನು ಎಣಿಸಿದೆ. ಒಂದು ಸಾಕು, ಮೂರಾದರೆ ಅಂಗಲಾಚಿದ ಹಾಗೆ. 'ಕೂಡಲೇ' ತೆಗೆದೆ. 'ಬಾಕಿ' ಕೂಡ ತೆಗೆದೆ. ಯಾಕೋ ಆ ಪದಕ್ಕೆ ಬ್ಯಾಂಕಿನ ನೋಟಿಸಿನ ವಾಸನೆ. ಕೊನೆಗೆ ಉಳಿದದ್ದು ಇದು:

ವಿಷಯ: ಬಿಲ್ ಸಂಖ್ಯೆ 14, ರೂ. 84,000, ಪಾವತಿ ದಿನಾಂಕ ಜುಲೈ 3

ನಮಸ್ಕಾರ ಮೇಡಂ,

ಹನಿ ನೀರಾವರಿ ಕೈಪಿಡಿಯ ಕನ್ನಡ ಅನುವಾದಕ್ಕೆ ಜೂನ್ 3ರಂದು ಕಳಿಸಿದ ಬಿಲ್ ಸಂಖ್ಯೆ 14ರ ಮೊತ್ತ ರೂ. 84,000 (ಟಿಡಿಎಸ್ ಕಳೆದು ರೂ. 75,600) ಜುಲೈ 3ಕ್ಕೆ ಪಾವತಿಯಾಗಬೇಕಿತ್ತು. ಇಂದಿನವರೆಗೆ ನನ್ನ ಖಾತೆಗೆ ಜಮೆಯಾದದ್ದು ಕಂಡುಬಂದಿಲ್ಲ. ಕೆಲಸದ ನಡುವೆ ಕಣ್ತಪ್ಪಿರಬಹುದು ಎಂದು ನೆನಪಿಸುತ್ತಿದ್ದೇನೆ.

ಬಿಲ್ಲಿನ ಪ್ರತಿಯನ್ನು ಮತ್ತೊಮ್ಮೆ ಲಗತ್ತಿಸಿದ್ದೇನೆ. ಬ್ಯಾಂಕ್ ವಿವರ ಅದರಲ್ಲೇ ಇದೆ. ಯಾವ ದಿನಾಂಕದಂದು ಪಾವತಿಯಾಗಬಹುದು ಎಂದು ದಯವಿಟ್ಟು ತಿಳಿಸಿ.

ಬಿಲ್ಲಿನಲ್ಲಿ ಏನಾದರೂ ವ್ಯತ್ಯಾಸ ಕಂಡಿದ್ದರೆ ಅದನ್ನೂ ತಿಳಿಸಿ, ಇಂದೇ ಸರಿಪಡಿಸಿ ಕಳಿಸುತ್ತೇನೆ. ಈಗಾಗಲೇ ಪಾವತಿಯಾಗಿದ್ದರೆ ಈ ಪತ್ರವನ್ನು ಬದಿಗಿಟ್ಟು, ಯುಟಿಆರ್ ಸಂಖ್ಯೆ ಕಳಿಸಿದರೆ ಸಾಕು.

ವಂದನೆಗಳು.

ಕ್ಷಮೆ ಇಲ್ಲ, ಉಪಕಾರ ಇಲ್ಲ, ಮುಂದಿನ ಕೆಲಸದ ಮಾತೂ ಇಲ್ಲ. ಪಂಪ್‌ಸೆಟ್ಟಿನ ಕೈಪಿಡಿಯನ್ನು ಇದರೊಳಗೆ ಎಳೆದು ತಂದರೆ ಆಸೆ ತೋರಿಸಿದ ಹಾಗೂ ಆಗುತ್ತೆ, ಬೆದರಿಸಿದ ಹಾಗೂ ಆಗುತ್ತೆ. ಮುಖ್ಯವಾದ ಪ್ರಶ್ನೆ ಒಂದೇ: ಯಾವ ದಿನಾಂಕ? 'ಬೇಗ ಕೊಡಿ' ಅಂದರೆ 'ಆಯ್ತು, ಬೇಗ ಕೊಡ್ತೀವಿ' ಅನ್ನಬಹುದು, ಅಲ್ಲಿಗೆ ಮುಗಿಯಿತು. ಯಾವ ದಿನ ಅಂದರೆ ಅವರು ಕ್ಯಾಲೆಂಡರ್ ನೋಡಬೇಕಾಗುತ್ತೆ. ಗುರುವಾರ ಬೆಳಗ್ಗೆ ಹತ್ತೂವರೆಗೆ ಕಳಿಸಿದೆ. ಶುಕ್ರವಾರ ಸಂಜೆಗೆ ಬಿಟ್ಟಿದ್ದರೆ ಸೋಮವಾರದ ಇಮೇಲ್ ರಾಶಿಯ ಅಡಿಗೆ ಹೋಗುತ್ತಿತ್ತು.

ಹನ್ನೆರಡು ಗಂಟೆಗೆ ಉತ್ತರ ಬಂತು. ಅಷ್ಟು ಬೇಗ ಬರುತ್ತೆ ಅಂತ ನಾನು ಅಂದುಕೊಂಡೇ ಇರಲಿಲ್ಲ.

'ನಮಸ್ಕಾರ. ನಿಮ್ಮ ಬಿಲ್ ಹೋಲ್ಡ್‌ನಲ್ಲಿದೆ. ಬಿಲ್ಲಿನ ಮೇಲೆ ಪಿಒ ನಂಬರ್ ಇಲ್ಲದ್ದರಿಂದ ಸಿಸ್ಟಂ ತೆಗೆದುಕೊಂಡಿಲ್ಲ. ಪಿಒ ನಂಬರ್ ಹಾಕಿ ಹೊಸ ಬಿಲ್ ಕಳಿಸಿ.'

ಪಿಒ ಅಂದರೆ ಪರ್ಚೇಸ್ ಆರ್ಡರ್. ಹಳೆಯ ಇಮೇಲುಗಳಲ್ಲಿ ಹುಡುಕಿದೆ. ಏಪ್ರಿಲ್‌ನಲ್ಲಿ ಬಂದಿತ್ತು, ಎರಡು ಪುಟದ ಪಿಡಿಎಫ್. ಮೊದಲ ಪುಟದಲ್ಲಿ ಮೊತ್ತ ನೋಡಿ ಖುಷಿಯಾಗಿ ಮುಚ್ಚಿಟ್ಟಿದ್ದೆ. ಎರಡನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಬಿಲ್ಲಿನ ಮೇಲೆ ಈ ಆರ್ಡರ್ ಸಂಖ್ಯೆ ಇರಲೇಬೇಕು ಎಂದಿತ್ತು. ಅಕೌಂಟ್ಸ್‌ನವರ ತಂತ್ರಾಂಶ ಬಿಲ್ಲನ್ನು ಆ ಸಂಖ್ಯೆಯ ಜೊತೆ ತಾಳೆ ನೋಡುತ್ತೆ. ಸಂಖ್ಯೆ ಇಲ್ಲದಿದ್ದರೆ ಅದು ಯಾವ ಕೆಲಸದ ಬಿಲ್ಲು, ಯಾರು ಒಪ್ಪಿಗೆ ಕೊಟ್ಟದ್ದು ಅಂತ ಅದಕ್ಕೆ ಗೊತ್ತಾಗಲ್ಲ, ಪಕ್ಕಕ್ಕೆ ಇಡುತ್ತೆ. ರಾತ್ರಿ ನೋಡಬೇಕಿದ್ದ ನಾಲ್ಕನೆಯದು ಇದೇ.

ಕಿವಿ ಬಿಸಿಯಾಯಿತು. ಒಂದೂವರೆ ತಿಂಗಳು ಬಿಲ್ ಸಿಕ್ಕಿಹಾಕಿಕೊಂಡಿದ್ದರೂ ಒಂದು ಸಾಲು ತಿಳಿಸಬಾರದಿತ್ತಾ ಇವರು ಅನ್ನಿಸಿದ್ದು ನಿಜ. ಅದು ಅವರ ತಪ್ಪೇ. ಆದರೆ ಮೊದಲನೆಯ ತಪ್ಪು ನನ್ನದು. ಬುಧವಾರ ರಾತ್ರಿಯ 'ನೀವು ಮರೆತಂತಿದೆ' ಹೋಗಿದ್ದರೆ ಈಗ ನಾನು ಯಾವ ಮುಖ ಇಟ್ಟುಕೊಂಡು ಹೊಸ ಬಿಲ್ ಕಳಿಸುತ್ತಿದ್ದೆ? 'ಅನುಕೂಲವಾದಾಗ' ಹೋಗಿದ್ದರೆ 'ಆಗಲಿ ನೋಡೋಣ' ಅಂತ ಬರುತ್ತಿತ್ತು, ಹೋಲ್ಡ್ ಅನ್ನೋ ಪದವೇ ಹೊರಗೆ ಬರುತ್ತಿರಲಿಲ್ಲ. ಅವರು ಅದನ್ನು ಹೇಳಿದ್ದು ನಾನು ವ್ಯತ್ಯಾಸ ಇದೆಯಾ ಅಂತ ಕೇಳಿದ್ದಕ್ಕೆ. ಅಪ್ಪನ ಬಾಗಿಲಿನಿಂದಲೇ ಅವರು ಒಳಗೆ ಬಂದಿದ್ದರು.

ಇಲ್ಲಿ ಇನ್ನೊಂದು ಹಳ್ಳ ಇತ್ತು, ಅದಕ್ಕೂ ಬೀಳುತ್ತಿದ್ದೆ. 'ಹೊಸ ಬಿಲ್' ಅಂದರಲ್ಲ, ಇವತ್ತಿನ ತಾರೀಕು ಹಾಕಿ 17 ಜುಲೈ ಅಂತ ಟೈಪ್ ಮಾಡಿಯೂ ಆಗಿತ್ತು. ಕಳಿಸುವ ಮೊದಲು ಹೊಳೆಯಿತು: ತಾರೀಕು ಬದಲಾದರೆ ಮೂವತ್ತು ದಿನ ಇವತ್ತಿನಿಂದ ಮತ್ತೆ ಶುರು. ದುಡ್ಡು ಬರೋದು ಆಗಸ್ಟ್ 16ಕ್ಕೆ. ಆಗಸ್ಟ್ 5ರ ಬಾಡಿಗೆಗೆ ಏನು ಮಾಡಲಿ? ಹಾಗಾಗಿ ಅದೇ ಸಂಖ್ಯೆ, ಅದೇ ಜೂನ್ 3ರ ತಾರೀಕು ಇಟ್ಟು, ಪಿಒ ನಂಬರ್ ಸೇರಿಸಿ, ಮೇಲೆ 'ಪಿಒ ಸಂಖ್ಯೆ ಸೇರಿಸಿದ ಪ್ರತಿ' ಅಂತ ಹಾಕಿದೆ. (ಜಿಎಸ್‌ಟಿ ಇರುವವರು ಬಿಲ್ ತಿದ್ದುವ ಮೊದಲು ತಮ್ಮ ಸಿಎಯನ್ನು ಕೇಳಿ. ರಿಟರ್ನ್ಸ್‌ಗೆ ಹೋದ ಬಿಲ್ಲನ್ನು ನನ್ನ ಹಾಗೆ ಸಲೀಸಾಗಿ ತಿದ್ದೋಕೆ ಬರಲ್ಲ.) ಜೊತೆಗೆ ಬರೆದದ್ದು ಮೂರೇ ಸಾಲು:

'ಪಿಒ ಸಂಖ್ಯೆ ಬಿಟ್ಟುಹೋದದ್ದು ನನ್ನ ತಪ್ಪು, ತಿಳಿಸಿದ್ದಕ್ಕೆ ಧನ್ಯವಾದ. ಸರಿಪಡಿಸಿದ ಪ್ರತಿ ಇದರೊಂದಿಗಿದೆ. ಪಾವತಿಯ ಅವಧಿ ಮೂಲ ಬಿಲ್ಲಿನ ದಿನಾಂಕದಿಂದಲೇ ಲೆಕ್ಕವಾಗಿ ಮುಂದಿನ ಕಂತಿನಲ್ಲಿ ಸೇರಬಹುದೇ?'

ಮುಂದಿನ ಕಂತು ಅಂತ ಸುಮ್ಮನೆ ಅಂದಾಜಿಗೆ ಬರೆದಿದ್ದೆ. ಆದರೆ ನಿಜಕ್ಕೂ ಹಾಗೊಂದು ಇತ್ತು. ಮೇಡಂ ಸಂಜೆ ಬರೆದರು: 'ನಮ್ಮಲ್ಲಿ ಪಾವತಿ ತಿಂಗಳಿಗೆ ಎರಡು ಸಲ, 10 ಮತ್ತು 25. ಪಟ್ಟಿ 20ಕ್ಕೆ ಮುಚ್ಚುತ್ತದೆ. 25ರ ಪಟ್ಟಿಗೆ ಸೇರಿಸಿದ್ದೇನೆ.' ಓದಿ ಕುರ್ಚಿಗೆ ಒರಗಿದೆ. ನಾಚಿಕೆಯಿಂದ ಇನ್ನು ನಾಲ್ಕು ದಿನ ಮುಂದೂಡಿದ್ದರೆ 20 ದಾಟುತ್ತಿತ್ತು, ಆಗ ದುಡ್ಡು ಆಗಸ್ಟ್ 10ಕ್ಕೆ. ಬಾಡಿಗೆಯ ನಂತರ.

ಹಾಗಂತ ಒಂದು ಮೆತ್ತನೆಯ ಕಾಗದ ಎಲ್ಲ ಬೀಗವನ್ನೂ ತೆಗೆಯುತ್ತೆ ಅಂತಲ್ಲ. ಆಮೇಲೆ ಇನ್ನೊಬ್ಬ ಗ್ರಾಹಕರಿಗೂ ಇದೇ ನಮೂನೆಯ ಕಾಗದ ಕಳಿಸಿದ್ದೆ. ಉತ್ತರವೇ ಇಲ್ಲ. ಒಂದು ವಾರ ಬಿಟ್ಟು ಫೋನ್ ಮಾಡಿದೆ, ಫೋನಿನಲ್ಲಿ ಆದ ಮಾತನ್ನು ಅವತ್ತೇ ಇಮೇಲ್‌ನಲ್ಲಿ ಬರೆದು ಕಳಿಸಿದೆ. ಎರಡನೇ ಕಾಗದದಲ್ಲಿ 'ಕಣ್ತಪ್ಪಿರಬಹುದು' ಇರಲಿಲ್ಲ, ಒಂದು ತಾರೀಕು ಇತ್ತು, ಮತ್ತು ಅಷ್ಟರಲ್ಲಿ ಮಾಡಿಸಿಕೊಂಡಿದ್ದ ಉದ್ಯಮ್ ನಂಬರ್ ಇತ್ತು. ಅದು ಬೇರೆ ಕಥೆ, ಅದರ ದುಡ್ಡು ಬರೋಕೆ ಮೂರು ತಿಂಗಳು ಹಿಡಿಯಿತು. ಆದರೆ ಅಲ್ಲೂ ಮೊದಲನೇ ಕಾಗದ ದಂಡವಾಗಲಿಲ್ಲ. ಉತ್ತರ ಬಾರದೇ ಇದ್ದದ್ದೇ ಒಂದು ಉತ್ತರ. ತಾಳೆಯಾಗದ ಬಿಲ್ಲಿದ್ದವರು ತಾಳೆ ಮಾಡಿಕೊಡಿ ಅನ್ನುತ್ತಾರೆ. ಕೊಡುವ ಮನಸ್ಸಿಲ್ಲದವರು ಮೌನವಾಗಿರುತ್ತಾರೆ. ಎರಡನ್ನೂ ಬೇರೆ ಮಾಡಿ ತೋರಿಸೋದು ಆ ಮೊದಲ ಕಾಗದವೇ.

25ನೇ ತಾರೀಕು ಶುಕ್ರವಾರ. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಮೊಬೈಲ್ ಕಿಣಿಕಿಣಿ ಅಂದಿತು. 75,600. ಎಡಗೈಯಲ್ಲೇ ಅಪ್ಪನಿಗೆ ಫೋನ್ ಮಾಡಿದೆ.

'ಬಂತಪ್ಪ.'

'ಬಂತಾ? ಪೂರ್ತಿ ಬಂತಾ?'

'ಟಿಡಿಎಸ್ ಹಿಡ್ಕೊಂಡು ಪೂರ್ತಿ. ಹಿಡಿದಿದ್ದಕ್ಕೆ ಸರ್ಟಿಫಿಕೇಟ್ ಕೊಡ್ತಾರೆ, ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ತಗೋಬಹುದು.'

ಟಿಡಿಎಸ್ ಕಥೆ ಅಪ್ಪನಿಗೆ ಬೇಕಿರಲಿಲ್ಲ. ಒಂದು ಕ್ಷಣ ಸುಮ್ಮನಿದ್ದು ಕೇಳಿದರು.

'ಮುಟ್ಟಿತು ಅಂತ ಬರೆದ್ಯಾ?'

ಇಲ್ಲ. ಹೊಳೆದೇ ಇರಲಿಲ್ಲ. ಬರಬೇಕಾದಾಗ ಮೂರು ಸಲ ಬರೆದು ಅಳಿಸಿದವಳು, ಬಂದ ಮೇಲೆ ಒಂದು ಸಾಲು ಬರೆಯೋಕೆ ಮರೆತಿದ್ದೆ. ಅಂಗಡಿಯಲ್ಲಿ ಅಪ್ಪ ದುಡ್ಡು ಎಣಿಸಿಕೊಂಡ ಮೇಲೆ ಖಾತೆ ಪುಸ್ತಕವನ್ನು ಗಿರಾಕಿಯ ಕಡೆಗೆ ತಿರುಗಿಸಿ, ಅವರ ಕಣ್ಣೆದುರೇ ಗೆರೆ ಎಳೆಯುತ್ತಿದ್ದದ್ದು ನೆನಪಾಯಿತು.

ಕೈ ತೊಳೆದು ಬಂದು ಬರೆದೆ: 'ನಮಸ್ಕಾರ ಮೇಡಂ. ಬಿಲ್ ಸಂಖ್ಯೆ 14ರ ಮೊತ್ತ ರೂ. 75,600 ಇಂದು ನನ್ನ ಖಾತೆಗೆ ಮುಟ್ಟಿದೆ. ಧನ್ಯವಾದ.'

ಆಮೇಲೆ ನನ್ನ ಬಿಲ್ಲಿನ ನಮೂನೆ ತೆರೆದು, ಮೇಲೆ ಬಲಗಡೆ, ತಾರೀಕಿನ ಕೆಳಗೆ, 'ಪಿಒ ಸಂಖ್ಯೆ' ಅಂತ ಒಂದು ಖಾಲಿ ಗೆರೆ ಸೇರಿಸಿದೆ. ಪಂಪ್‌ಸೆಟ್ಟಿನ ಕೈಪಿಡಿಯ ಆರ್ಡರ್ ಮುಂದಿನ ವಾರ ಬಂತು. ಈ ಸಲ ಎರಡನೇ ಪುಟದಿಂದ ಓದಲು ಶುರು ಮಾಡಿದೆ.